ನಾಲ್ಕು ಬಾಹು ಗೊತ್ತು, ವಿಸ್ತೀರ್ಣ 16,548 ಬರ್ತಿದೆ. ಎಲ್ಲಿ ಎಡವಿದೆ?

ಅಳತೆಪಟ್ಟಿ
ಎಲ್ಲರಿಗೂ ನಮಸ್ಕಾರ. ನಾಲ್ಕು ಮೂಲೆಯ ಒಂದು ಜಾಗ. ಬಾಹುಗಳನ್ನು ಟೇಪ್ ಹಿಡಿದು ಸುತ್ತಲೂ ಅಳೆದಾಗ ಕ್ರಮವಾಗಿ 25, 39, 60, 52 ಮೀಟರ್ ಬಂತು. ಮೂಲೆಗಳಿಗೆ A, B, C, D ಅಂತ ಹೆಸರಿಟ್ಟಿದ್ದೇನೆ: AB = 25, BC = 39, CD = 60, DA = 52. ಅರ್ಧ ಸುತ್ತಳತೆ s ತೆಗೆದು ವಿಸ್ತೀರ್ಣ ಹುಡುಕುವ ಸೂತ್ರ ನೆನಪಿತ್ತು. ಸುತ್ತಳತೆ 176, ಹಾಗಾಗಿ s = 88. ಆಮೇಲೆ

√( s(s−a)(s−b)(s−c)(s−d) )

ಹಾಕಿದರೆ 16,548 ಚದರ ಮೀಟರ್ ಅನ್ನುತ್ತಿದೆ. ಕಣ್ಣಂದಾಜಿಗೇ ಇದು ಸುಳ್ಳು ಅಂತ ಗೊತ್ತಾಗ್ತಿದೆ. ಮೂರು ಸಲ ಕ್ಯಾಲ್ಕುಲೇಟರ್ ಒತ್ತಿದೆ, ಅದೇ ಉತ್ತರ. ಎಲ್ಲಿ ತಪ್ಪಿದ್ದೇನೆ?

ಶೇಷ_ಶೂನ್ಯ
ಕ್ಯಾಲ್ಕುಲೇಟರ್ ಸರಿಯಾಗೇ ಇದೆ, ಸೂತ್ರದಲ್ಲಿ ಒಂದು s ಜಾಸ್ತಿ ಸೇರಿಕೊಂಡಿದೆ. ಅದು ತ್ರಿಕೋನದ ಹೆರಾನ್ ಸೂತ್ರದಿಂದ ನುಸುಳಿದ್ದು.

ಕರ್ಣಧಾರ
ಹೌದು, ಈ ತಪ್ಪು ತುಂಬಾ ಸಾಮಾನ್ಯ. ಹೆರಾನ್‌ನಲ್ಲಿ s, s−a, s−b, s−c ಅಂತ ನಾಲ್ಕು ಉದ್ದಗಳ ಗುಣಲಬ್ಧ ಇರುತ್ತದೆ. ನಾಲ್ಕು ಮೀಟರ್‌ಗಳನ್ನು ಗುಣಿಸಿ ವರ್ಗಮೂಲ ತೆಗೆದರೆ ಚದರ ಮೀಟರ್ ಬರುತ್ತದೆ. ಚತುರ್ಭುಜದಲ್ಲಿ ನಾಲ್ಕನೆಯ ಸ್ಥಾನಕ್ಕೆ s−d ಬಂದು ಕೂರುತ್ತದೆ, ಬರಿಯ s ಎದ್ದು ಹೋಗುತ್ತದೆ. ನೀವು ಎರಡನ್ನೂ ಇಟ್ಟುಕೊಂಡಿದ್ದೀರಿ, ಐದು ಉದ್ದಗಳಾದವು. ಐದರ ವರ್ಗಮೂಲಕ್ಕೆ ಯಾವ ಮಾನವೂ ಇಲ್ಲ. d ಬದಲು ಸೊನ್ನೆ ಹಾಕಿ ನೋಡಿ, s−d ಹೋಗಿ s ಆಗುತ್ತದೆ, ಹೆರಾನ್ ಸೂತ್ರ ತಾನಾಗಿ ಸಿಗುತ್ತದೆ. ಎರಡನ್ನೂ ನೆನಪಿಡೋಕೆ ಇಷ್ಟು ಸಾಕು.

ನಿಮ್ಮ ಲೆಕ್ಕ:
s−a = 63, s−b = 49, s−c = 28, s−d = 36
63 × 28 = 1764, 49 × 36 = 1764

ಎರಡೂ ಜೋಡಿ ಒಂದೇ ಸಂಖ್ಯೆ! ಹಾಗಾಗಿ ವರ್ಗಮೂಲ ತೆಗೆಯುವ ಕೆಲಸವೂ ಇಲ್ಲ, ಸೂತ್ರದ ಉತ್ತರ 1764 ಚದರ ಮೀಟರ್.

ಮುಂದಕ್ಕೆ ಇಂಥ ತಪ್ಪು ಹಿಡಿಯೋಕೆ ಸುಲಭದ ತಾಳೆ: ಸುತ್ತಳತೆಯ ಕಾಲು ಭಾಗವನ್ನು ವರ್ಗ ಮಾಡಿ. 176ರ ಕಾಲು 44, ಅದರ ವರ್ಗ 1936. ಇದೇ ಸುತ್ತಳತೆಯ ಯಾವ ಚತುರ್ಭುಜವೂ 1936 ದಾಟೋದಿಲ್ಲ. 16,548 ಕಂಡ ಕೂಡಲೇ ಲೆಕ್ಕ ನಿಲ್ಲಿಸಬಹುದಿತ್ತು.

ಅಳತೆಪಟ್ಟಿ
ಅಬ್ಬಾ, ಧನ್ಯವಾದ ಸಾರ್. 1764 ಅಂದರೆ ನನ್ನ ಅಂದಾಜಿಗೂ ಹತ್ತಿರ ಇದೆ. ಹಾಗಾದರೆ ಇದನ್ನೇ ಬರೆದು ಮುಗಿಸ್ತೀನಿ.

ಮೂಲೆಮಟ್ಟ
ಸ್ವಲ್ಪ ತಡೀರಿ, ಬರೀಬೇಡಿ! ಆ ಸೂತ್ರ ಚಕ್ರೀಯ ಚತುರ್ಭುಜಕ್ಕೆ ಮಾತ್ರ. ನಾಲ್ಕೂ ಮೂಲೆ ಒಂದೇ ವೃತ್ತದ ಮೇಲೆ ಕೂರಬೇಕು. ನಿಮ್ಮ ಜಾಗ ಹಾಗಿದೆ ಅಂತ ಯಾರು ಹೇಳಿದರು?

ಗುಣಾಕಾರ
ನಾಲ್ಕು ಬಾಹು ಕೊಟ್ಟ ಮೇಲೆ ಆಕಾರ ನಿಗದಿಯಾದ ಹಾಗೇ ಅಲ್ಲವಾ? ತ್ರಿಕೋನಕ್ಕೆ ಮೂರು ಬಾಹು ಸಾಕು, ಚತುರ್ಭುಜಕ್ಕೆ ನಾಲ್ಕು ಸಾಕು. ಸುಮ್ಮನೆ ಯಾಕೆ ಗೊಂದಲ ಮಾಡ್ತೀರಿ?

ಮೂಲೆಮಟ್ಟ
ಸಾಲದು. ರಟ್ಟಿನ ನಾಲ್ಕು ಪಟ್ಟಿ ಕತ್ತರಿಸಿ ತುದಿಗಳಿಗೆ ಗುಂಡುಪಿನ್ ಚುಚ್ಚಿ ಜೋಡಿಸಿ ನೋಡಿ. ಮೂರು ಪಟ್ಟಿಯ ತ್ರಿಕೋನ ಅಲುಗಾಡೋದಿಲ್ಲ. ನಾಲ್ಕು ಪಟ್ಟಿಯದು ಒತ್ತಿದರೆ ವಾಲುತ್ತದೆ. ಪಟ್ಟಿಗಳ ಉದ್ದ ಒಂದು ಕೂದಲಷ್ಟೂ ಬದಲಾಗಲಿಲ್ಲ, ಒಳಗಿನ ಜಾಗ ಮಾತ್ರ ಕಣ್ಣೆದುರಿಗೇ ಕುಗ್ಗುತ್ತದೆ.

ಸಂಖ್ಯೆಯಲ್ಲಿ ಬೇಕಾದರೆ: ನಾಲ್ಕೂ ಬಾಹು 25 ಇರುವ ವಜ್ರಾಕೃತಿ ತಗೊಳ್ಳಿ. ಕರ್ಣಗಳು 30 ಮತ್ತು 40 ಆದರೆ ವಿಸ್ತೀರ್ಣ 600. ಇನ್ನೂ ಒತ್ತಿ ಕರ್ಣ 14 ಮತ್ತು 48 ಆದರೆ 336. ನಿಮ್ಮ ಅರ್ಧ ಸುತ್ತಳತೆಯ ಸೂತ್ರ ಎರಡಕ್ಕೂ ಕಣ್ಣು ಮುಚ್ಚಿ 625 ಅನ್ನುತ್ತದೆ, ಯಾಕೆಂದರೆ ಅದಕ್ಕೆ ಗೊತ್ತಿರೋದು ಚೌಕ ಒಂದೇ.

ಗುಣಾಕಾರ
ಸರಿ, ಒಪ್ಪಿದೆ. ಆದರೆ 336 ಆಗುವಷ್ಟು ಒತ್ತಿದ ಜಾಗ ಯಾರ ಹತ್ತಿರ ಇರುತ್ತೆ ಹೇಳಿ. ಸಾಮಾನ್ಯ ಆಕಾರಕ್ಕೆ ಸೂತ್ರ ಹತ್ತಿರದ ಉತ್ತರವನ್ನೇ ಕೊಡುತ್ತೆ.

ಕರ್ಣಧಾರ
ಗುಣಾಕಾರ ಅವರ ಮಾತು ಅರ್ಧ ಸರಿ. ಆ ಅರ್ಧ ಯಾಕೆ ಸರಿ ಅನ್ನೋದು ಕುತೂಹಲದ್ದು, ಆಮೇಲೆ ಹೇಳ್ತೀನಿ. ಮೊದಲು ಕೇಳಿದವರಿಗೆ ದಾರಿ ಕಾಣಲಿ.

ಅಳತೆಪಟ್ಟಿ ಅವರೇ, ಇನ್ನೊಂದೇ ಒಂದು ಅಳತೆ ಬೇಕು, ಯಾವುದಾದರೂ ಒಂದು ಕರ್ಣ. ಜಾಗ ಚಕ್ರೀಯ ಆಗಿದ್ದರೆ ಕರ್ಣ ಎಷ್ಟಿರಬೇಕು ಅಂತ ಮೊದಲೇ ಲೆಕ್ಕ ಹಾಕಬಹುದು. ಮೂರು ಜೋಡಿ ಗುಣಲಬ್ಧ ಮಾಡಿಕೊಳ್ಳಿ:

ಎದುರು ಬಾಹುಗಳದು: 25×60 + 39×52 = 3528
B ಮತ್ತು D ಮೂಲೆಯ ಪಕ್ಕದ ಬಾಹುಗಳದು: 25×39 + 60×52 = 4095
A ಮತ್ತು C ಮೂಲೆಯ ಪಕ್ಕದ ಬಾಹುಗಳದು: 25×52 + 39×60 = 3640

AC² = 3528 × 3640 / 4095 = 3136, ಅಂದರೆ AC = 56
BD² = 3528 × 4095 / 3640 = 3969, ಅಂದರೆ BD = 63

ಟೇಪ್ ಹಿಡಿದಾಗ AC 56 ಅಥವಾ BD 63 ಬಂದರೆ 1764 ಬರೆದುಕೊಳ್ಳಿ. ಬರದಿದ್ದರೆ ಆ ಸೂತ್ರ ಬಿಟ್ಟು, ಅಳೆದ ಕರ್ಣದ ಎರಡೂ ಕಡೆಯ ತ್ರಿಕೋನಗಳಿಗೆ ಹೆರಾನ್ ಹಾಕಿ ಕೂಡಿಸಿ.

ರೇಖಾ_ಎಸ್
ಇಷ್ಟು ಚೊಕ್ಕ ಪೂರ್ಣಾಂಕ ಬರುತ್ತಿದೆ ಅಂದರೆ ಸಂಶಯ ಬರುತ್ತಿದೆ. 25² + 60² = 4225, 39² + 52² = 4225. ಇವು ಹಳೆಯ ಗಣಿತ ಗ್ರಂಥಗಳಲ್ಲಿ ಬರುವ ಸಂಖ್ಯೆಗಳೇ ಅಲ್ಲವಾ? ಎದುರು ಬಾಹುಗಳ ವರ್ಗದ ಮೊತ್ತ ಸಮ ಇದ್ದರೆ ಕರ್ಣಗಳು ಲಂಬವಾಗಿ ಕತ್ತರಿಸುತ್ತವೆ. 56 × 63 ರ ಅರ್ಧ 1764, ತಾಳೆ ಆಯ್ತು. ಅಳತೆಪಟ್ಟಿ ಅವರೇ, ನಿಜ ಹೇಳಿ, ಅಳೆದದ್ದಾ ಅಥವಾ ಪುಸ್ತಕದ್ದಾ? 😀

ಅಳತೆಪಟ್ಟಿ
ಅಳೆದದ್ದೇ ಮೇಡಂ. ಮೀಟರ್‌ಗೆ ಸರಿಹೊಂದಿಸಿ ಬರೆದಿದ್ದೇನೆ, ಐದು ಹತ್ತು ಸೆಂಟಿಮೀಟರ್ ಆಚೀಚೆ ಇರಬಹುದು. ಆದರೆ ಕರ್ಣ ಅಳೆಯೋಕೆ ಆಗ್ತಿಲ್ಲ. ನಡುವೆ ದಟ್ಟ ಪೊದೆ ಇದೆ, ಟೇಪ್ ಬಾಗುತ್ತದೆ. ಅಂಚುಗಳು ಮಾತ್ರ ಖಾಲಿ.

ಎಕ್ಸೆಲ್_ಪ್ರಿಯ
ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಾನು ಇದೇ ಸೂತ್ರ ಶೀಟ್‌ನಲ್ಲಿ ಹಾಕಿದ್ದೇನೆ. ಒಂದು ಸಾಲಿನಲ್ಲಿ ಮಾತ್ರ `#NUM!` ಬರ್ತಿದೆ. ಬಾಹುಗಳು 12, 9, 10, 35. ಚಕ್ರೀಯ ಅಲ್ಲ ಅಂತ ಹೀಗೆ ಬರುತ್ತಾ?

ಶೇಷ_ಶೂನ್ಯ
ಅಲ್ಲ. ಚಕ್ರೀಯ ಹೌದೋ ಅಲ್ಲವೋ ಸೂತ್ರಕ್ಕೆ ಎಂದೂ ಗೊತ್ತಾಗೋದಿಲ್ಲ, ಅದೇ ಅದರ ತೊಂದರೆ. ನಿಮ್ಮದು ಚತುರ್ಭುಜವೇ ಅಲ್ಲ. 12 + 9 + 10 = 31, ನಾಲ್ಕನೆಯದು 35. ಮೂರು ಪಟ್ಟಿ ಉದ್ದಕ್ಕೆ ಹಾಸಿದರೂ ನಾಲ್ಕನೆಯದರ ತುದಿ ಮುಟ್ಟೋದಿಲ್ಲ. s = 33, s−d = −2, ವರ್ಗಮೂಲದೊಳಗೆ ಋಣ ಸಂಖ್ಯೆ. ಬಹುಶಃ 3.5 ಬರೆಯೋ ಕಡೆ ಚುಕ್ಕಿ ಬಿಟ್ಟುಹೋಗಿದೆ.

ಎಕ್ಸೆಲ್_ಪ್ರಿಯ
ಚುಕ್ಕಿಯೇ! 😅 ಸರಿಹೋಯ್ತು.
ಎರಡು ಬಾಹು ತಪ್ಪಾಗಿದ್ದರೆ ಋಣ ಗುಣಿಸು ಋಣ ಧನ ಆಗಿ ತಪ್ಪು ಮುಚ್ಚಿಹೋಗುವ ಅಪಾಯ ಇದೆಯಾ?

ಶೇಷ_ಶೂನ್ಯ
ಒಳ್ಳೆ ಪ್ರಶ್ನೆ. ಇಲ್ಲ. s−a ಮತ್ತು s−b ಕೂಡಿಸಿದರೆ c+d ಬರುತ್ತದೆ, ಅದು ಯಾವಾಗಲೂ ಧನ. ಹಾಗಾಗಿ ಎರಡೂ ಒಟ್ಟಿಗೆ ಋಣ ಆಗೋಕೆ ಸಾಧ್ಯವಿಲ್ಲ. ಪ್ರೋಗ್ರಾಂ ಬರೆಯುವವರಿಗೆ:

```
from math import sqrt

def area(a, b, c, d):
    s = (a + b + c + d) / 2
    if max(a, b, c, d) >= s:
        raise ValueError("ಚತುರ್ಭುಜ ಆಗದು")
    return sqrt((s-a)*(s-b)*(s-c)*(s-d))
```

`/ 2` ಇರೋ ಕಡೆ `// 2` ಬರೆದರೆ ಸುತ್ತಳತೆ ಬೆಸ ಬಂದಾಗ ಅರ್ಧ ಮೀಟರ್ ಕಳೆದುಹೋಗುತ್ತದೆ. ಆಗ ತಪ್ಪಿನ ಸಂದೇಶ ಬರೋದಿಲ್ಲ, ತಪ್ಪು ಉತ್ತರ ಬರುತ್ತದೆ.

ಮೂಲೆಮಟ್ಟ
ಪೊದೆಯ ವಿಷಯಕ್ಕೆ ಬರೋಣ. ಕರ್ಣ ಅಳೆಯೋಕೆ ಆಗದಿದ್ದರೆ ಒಂದು ಮೂಲೆ ಅಳೆಯಿರಿ, ಅಂಚು ಖಾಲಿ ಇದೆಯಲ್ಲ. A ಮೂಲೆಯಲ್ಲಿ ಗೂಟ ಹೊಡೆದು AB ಗುಂಟ 3 ಮೀಟರ್, AD ಗುಂಟ 4 ಮೀಟರ್ ಹೋಗಿ ಅಲ್ಲಲ್ಲಿ ಗುರುತು ಮಾಡಿ. ಎರಡು ಗುರುತುಗಳ ನಡುವಿನ ಅಂತರ g ಅಳೆಯಿರಿ. 5 ಬಂದರೆ ಲಂಬಕೋನ ಅಂತ ಎಲ್ಲರಿಗೂ ಗೊತ್ತು. ಬೇರೆ ಏನೇ ಬಂದರೂ ಕೋನ ಸಿಗುತ್ತದೆ:

cos A = (9 + 16 − g²) / 24

ಆಮೇಲೆ BD² = 25² + 52² − 2×25×52×cos A.

ಜಾಗ ಚಕ್ರೀಯ ಆಗಿದ್ದರೆ BD 63, ಆಗ cos A = −0.246, ಕೋನ ಸುಮಾರು 104 ಡಿಗ್ರಿ. ನಿಮ್ಮ ಟೇಪ್‌ನಲ್ಲಿ g = 5.56 ಕಾಣಬೇಕು.

ಕರ್ಣಧಾರ
ಆಗೋದಾದರೆ 3 ಮತ್ತು 4 ಬದಲು 6 ಮತ್ತು 8 ಮೀಟರ್ ಹೋಗಿ. ಚಿಕ್ಕ ತ್ರಿಕೋನದಲ್ಲಿ 2 ಸೆಂಟಿಮೀಟರ್ ತಪ್ಪಿದರೆ ಕೋನ ಅರ್ಧ ಡಿಗ್ರಿ ಜರುಗುತ್ತದೆ, ಅದು BD ಹೊತ್ತಿಗೆ 19 ಸೆಂಟಿಮೀಟರ್ ಆಗಿ ಬೆಳೆದಿರುತ್ತದೆ. ಎರಡು ಪಟ್ಟು ದೂರ ಹೋದರೆ ಅದೇ 2 ಸೆಂಟಿಮೀಟರ್ ತಪ್ಪಿಗೆ ಅರ್ಧದಷ್ಟೇ ಪೆಟ್ಟು.

ಅಳತೆಪಟ್ಟಿ
ಅಳೆದೆ. 6 ಮತ್ತು 8 ಮೀಟರ್ ಹೋದೆ, ನಡುವಿನ ಅಂತರ ಸರಿಯಾಗಿ 10.00! ಅಂದರೆ A ಮೂಲೆ ಲಂಬಕೋನ. ಹಾಗಾದರೆ ಚಕ್ರೀಯ ತಾನೇ? ಅರ್ಧವೃತ್ತದೊಳಗಿನ ಕೋನ ಲಂಬಕೋನ ಅಂತ ಓದಿದ್ದ ನೆನಪು.

ಗುಣಾಕಾರ
ಹೌದು, ಲಂಬಕೋನ ಇದ್ದರೆ ವೃತ್ತದಲ್ಲಿ ಕೂರುತ್ತೆ. 1764 ಖಚಿತ ಮಾಡ್ಕೊಳ್ಳಿ.

ರೇಖಾ_ಎಸ್
ಅಯ್ಯೋ ಇಲ್ಲ! A ಲಂಬಕೋನ ಆದರೆ A, B, D ಮೂರು ಬಿಂದುಗಳು BD ವ್ಯಾಸದ ವೃತ್ತದ ಮೇಲೆ ಇರುತ್ತವೆ, ಅಷ್ಟೇ. C ಕೂಡ ಅದೇ ವೃತ್ತದ ಮೇಲಿರಬೇಕಾದರೆ C ಯೂ ಲಂಬಕೋನ ಆಗಿರಬೇಕು. ಎದುರು ಮೂಲೆಗಳ ಮೊತ್ತ 180, ಒಂದು ಮೂಲೆಯ ಲೆಕ್ಕ ಅಲ್ಲ ಇದು.

ಲಂಬಕೋನದಿಂದ ಚಕ್ರೀಯ ಆಗುವ ಉದಾಹರಣೆ ಬೇಕಾದರೆ 7, 24, 15, 20 ತಗೊಳ್ಳಿ. 7 ಮತ್ತು 24 ನಡುವೆ ಲಂಬಕೋನ ಇಟ್ಟರೆ ಕರ್ಣ 25. ಆಚೆ ಕಡೆ 15, 20, 25, ಅದೂ ಲಂಬಕೋನವೇ. ತ್ರಿಕೋನಗಳು 84 ಮತ್ತು 150, ಒಟ್ಟು 234. ಸೂತ್ರದಲ್ಲಿ s = 33, 26×9×18×13 = 54756, ವರ್ಗಮೂಲ 234. ಇಲ್ಲಿ ಹೊಂದಿತು. ಅಳತೆಪಟ್ಟಿ ಅವರ ಜಾಗದಲ್ಲಿ ಹೊಂದೋದಿಲ್ಲ: 25² + 52² = 3329, ಆದರೆ 39² + 60² = 5121.

ಮೂಲೆಮಟ್ಟ
ಲೆಕ್ಕ ಮುಗಿಸಿಬಿಡೋಣ. BD = √3329 = 57.70. ಚಕ್ರೀಯಕ್ಕೆ ಬೇಕಾಗಿದ್ದ 63ಕ್ಕಿಂತ 5.3 ಮೀಟರ್ ಕಡಿಮೆ.

ತ್ರಿಕೋನ ABD ಲಂಬಕೋನದ್ದು: 25×52/2 = 650.
ತ್ರಿಕೋನ BCD ಬಾಹುಗಳು 39, 60, 57.70: s = 78.35, s ಕಳೆದವು 39.35, 18.35, 20.65. ಗುಣಲಬ್ಧದ ವರ್ಗಮೂಲ 1080.9.
ಒಟ್ಟು 1730.9 ಚದರ ಮೀಟರ್.

1764 ಬರೆದಿದ್ದರೆ 33 ಚದರ ಮೀಟರ್ ಹೆಚ್ಚು ಬರೆದ ಹಾಗೆ ಆಗುತ್ತಿತ್ತು. ಗಮನಿಸಿ, ತಪ್ಪು ಯಾವಾಗಲೂ ಒಂದೇ ಕಡೆಗೆ. ಸೂತ್ರ ಎಂದಿಗೂ ಕಡಿಮೆ ಹೇಳೋದಿಲ್ಲ, ಹೇಳಿದರೆ ಹೆಚ್ಚೇ.

ಗುಣಾಕಾರ
ನೋಡಿ, ನಾನು ಹೇಳಿದ್ದೇ ಬಂತು. ಕರ್ಣ ಐದು ಮೀಟರ್ ಬೇರೆ ಇದ್ದರೂ ವಿಸ್ತೀರ್ಣ ನೂರಕ್ಕೆ ಎರಡು ಕೂಡ ಬದಲಾಗಿಲ್ಲ. ಇಷ್ಟಕ್ಕೆ ಪೊದೆ, ಗೂಟ ಎಲ್ಲ ಬೇಕಿತ್ತಾ?

ಕರ್ಣಧಾರ
ಈಗ ಆ "ಅರ್ಧ ಸರಿ" ಅಂದಿದ್ದರ ಅರ್ಥ ಹೇಳ್ತೀನಿ. ಯಾವುದೇ ಚತುರ್ಭುಜಕ್ಕೆ ನಡೆಯುವ ಸೂತ್ರ ಹೀಗಿದೆ:

K² = (s−a)(s−b)(s−c)(s−d) − abcd·cos²θ

ಇಲ್ಲಿ θ ಅಂದರೆ ಎದುರು ಮೂಲೆಗಳ ಮೊತ್ತದ ಅರ್ಧ. ಬ್ರೆಟ್‌ಷ್ನೈಡರ್ 1842ರಲ್ಲಿ ಪ್ರಕಟಿಸಿದ್ದು. ಚಕ್ರೀಯ ಆದರೆ ಮೊತ್ತ 180, θ = 90, cos ಸೊನ್ನೆ, ಕಳೆಯೋದು ಏನೂ ಉಳಿಯೋದಿಲ್ಲ. ಅದಕ್ಕೇ ಕೊಟ್ಟ ನಾಲ್ಕು ಬಾಹುಗಳಿಗೆ ಚಕ್ರೀಯ ಆಕಾರವೇ ಅತಿ ದೊಡ್ಡದು.

ಇಲ್ಲಿ ಮುಖ್ಯವಾದದ್ದು cos ಮೇಲಿನ ವರ್ಗ. 90ರ ಆಸುಪಾಸಿನಲ್ಲಿ cos ಚಿಕ್ಕದು, ಅದರ ವರ್ಗ ಇನ್ನೂ ಚಿಕ್ಕದು. ಈ ಜಾಗದಲ್ಲಿ A = 90, C = 67.5, ಮೊತ್ತ 157.5. ಅಂದರೆ 180ಕ್ಕೆ 22 ಡಿಗ್ರಿಗೂ ಹೆಚ್ಚು ಕಡಿಮೆ. θ = 78.7, cos²θ = 0.038. abcd = 30,42,000, ಹಾಗಾಗಿ 31,11,696ರಿಂದ ಕಳೆಯೋದು ಸುಮಾರು 1,16,000. ವರ್ಗಮೂಲ ತೆಗೆದರೆ ಆ ಕಡಿತ ಮತ್ತೆ ಅರ್ಧಕ್ಕೆ ಇಳಿದು ನೂರಕ್ಕೆ 1.9 ಆಗುತ್ತದೆ. ಗುಡ್ಡದ ನೆತ್ತಿ ಚಪ್ಪಟೆ ಇದ್ದ ಹಾಗೆ, ನಾಲ್ಕು ಹೆಜ್ಜೆ ಆಚೀಚೆ ಹೋದರೂ ಎತ್ತರ ಅಷ್ಟಾಗಿ ಇಳಿಯೋದಿಲ್ಲ.

ಆದರೆ ನೆತ್ತಿಯಿಂದ ದೂರ ಹೋದರೆ ಜಾರು ಶುರು. ಮೊತ್ತ 120 ಆದರೆ θ = 60, cos² ಕಾಲು ಭಾಗ. ಬಾಹುಗಳು ಸಮ ಇದ್ದರೆ ವಿಸ್ತೀರ್ಣ ನೂರಕ್ಕೆ 13ರಷ್ಟು ಕಡಿಮೆ. ನೀವು ನೆತ್ತಿಯ ಮೇಲಿದ್ದೀರೋ ಜಾರಿನಲ್ಲಿದ್ದೀರೋ ಬಾಹುಗಳ ಅಳತೆಯಿಂದ ಎಂದೂ ಗೊತ್ತಾಗೋದಿಲ್ಲ. ಕರ್ಣ ಅಥವಾ ಕೋನ ಅಳೆಯದೆ "ಸುಮಾರು ಸರಿ" ಅನ್ನೋಕೆ ಆಧಾರ ಏನು?

ಗುಣಾಕಾರ
ಕಣ್ಣು. ಮೂಲೆಗಳು ಹತ್ತಿರಹತ್ತಿರ ಲಂಬವಾಗಿ ಕಂಡರೆ ಸೂತ್ರ ಸಾಕು ಅಂತ ನನ್ನ ವಾದ. 33 ಚದರ ಮೀಟರ್ ಅಂದಾಜಿಗೆ ಏನು ಮಹಾ.

ಮೂಲೆಮಟ್ಟ
ಅಂದಾಜಿಗೆ ಸಾಕು, ದಾಖಲೆಗೆ ಸಾಲದು. ಅಂದಾಜು ಬೇಕಾದವರು ಅಂದಾಜು ಅಂತಲೇ ಬರೆಯಲಿ, ವರ್ಗಮೂಲ ತೆಗೆದು ಎರಡು ದಶಾಂಶ ಹಾಕಿ ನಿಖರ ಅನ್ನೋ ವೇಷ ಹಾಕಬಾರದು.

ಹಳೇಪುಟ
ಅಂದಾಜು ಮತ್ತು ನಿಖರದ ಈ ಜಗಳ ಹೊಸದೇನಲ್ಲ ಮಾರಾಯ್ರೆ. ಬ್ರಹ್ಮಗುಪ್ತ 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಒಂದೇ ಶ್ಲೋಕದಲ್ಲಿ ಎರಡೂ ಕೊಡ್ತಾನೆ. ಎದುರು ಬಾಹುಗಳ ಮೊತ್ತದ ಅರ್ಧ ತೆಗೆದು ಗುಣಿಸಿದರೆ "ಸ್ಥೂಲ" ಫಲ. ಇಲ್ಲಿಗೆ ಹಾಕಿದರೆ 42.5 × 45.5 = 1933.75. ಅರ್ಧ ಸುತ್ತಳತೆಯಿಂದ ನಾಲ್ಕೂ ಬಾಹು ಕಳೆದು ಗುಣಿಸಿ ಮೂಲ ತೆಗೆದರೆ "ಸೂಕ್ಷ್ಮ" ಫಲ, 1764.

ತಮಾಷೆ ಏನಂದರೆ ಆ ಶ್ಲೋಕದಲ್ಲಿ ವೃತ್ತದ ಮಾತೇ ಇಲ್ಲ. ಮೂರು ಮತ್ತು ನಾಲ್ಕು ಭುಜದ ಕ್ಷೇತ್ರ ಅಂತಷ್ಟೇ ಇದೆ. ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲೂ ಈ ಸೂತ್ರ ಬರುತ್ತದೆ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯ ಸೂತ್ರವನ್ನು ಹೇಳಿ, ತ್ರಿಕೋನಕ್ಕೆ ಇದು ಸ್ಪಷ್ಟ, ಚತುರ್ಭುಜಕ್ಕೆ ಅಸ್ಫುಟ ಅಂದುಬಿಟ್ಟ. ಕರ್ಣವನ್ನೋ ಲಂಬವನ್ನೋ ಹೇಳದೆ ಚತುರ್ಭುಜದ ಫಲ ಕೇಳುವವನು ಪಿಶಾಚಿ, ಉತ್ತರ ಹೇಳುವವನು ಇನ್ನೂ ದೊಡ್ಡ ಪಿಶಾಚಿ ಅಂತ ಬೈದಿದ್ದಾನೆ.

ಅಳತೆಪಟ್ಟಿ
ಅಂದರೆ ಮೊದಲ ಪಿಶಾಚಿ ನಾನು 😂

ಶೇಷ_ಶೂನ್ಯ
ದೊಡ್ಡ ಪಿಶಾಚಿ ಕರ್ಣಧಾರ, 1764 ಹೇಳಿದ್ದು ಅವರೇ.

ಕರ್ಣಧಾರ
"ಸೂತ್ರದ ಉತ್ತರ" ಅಂತ ಬರೆದಿದ್ದೆ, ಮೇಲೆ ಹೋಗಿ ಓದಿ. 😄 ಆದರೂ ಚಕ್ರೀಯದ ಮಾತು ಆಗಲೇ ಹೇಳಬೇಕಿತ್ತು, ಒಪ್ಪಿದೆ.

ರೇಖಾ_ಎಸ್
ಹಳೇಪುಟ ಅವರೇ, ಬ್ರಹ್ಮಗುಪ್ತನಿಗೆ ಚಕ್ರೀಯ ಅನ್ನೋದು ಗೊತ್ತಿರಲಿಲ್ಲ ಅಂತ ಹೇಳ್ತಿದ್ದೀರಾ? ಅದೇ ಅಧ್ಯಾಯದಲ್ಲಿ ಮುಂದೆ ಸುತ್ತುವ ವೃತ್ತದ ತ್ರಿಜ್ಯ ತೆಗೆಯೋ ಕ್ರಮ ಬರುತ್ತದೆ, ಕರ್ಣಗಳ ಸೂತ್ರವೂ ಬರುತ್ತದೆ. ಮೇಲೆ 56 ಮತ್ತು 63 ತೆಗೆದದ್ದು ಅದರಿಂದಲೇ. ಆ ಕರ್ಣಸೂತ್ರ ಚಕ್ರೀಯಕ್ಕೆ ಮಾತ್ರ ನಿಜ. ವೃತ್ತ ಅವನ ಮನಸ್ಸಿನಲ್ಲಿ ಇತ್ತು, ಶ್ಲೋಕದಲ್ಲಿ ಬರೆಯಲಿಲ್ಲ ಅಷ್ಟೇ.

ಹಳೇಪುಟ
ಇರಬಹುದು. ಬರೆಯದೆ ಇದ್ದದ್ದನ್ನು ಮನಸ್ಸಿನಲ್ಲಿತ್ತು ಅನ್ನೋದು ನಮ್ಮ ಊಹೆ. ಭಾಸ್ಕರನಂಥವನೇ ಅದನ್ನು ಹಾಗೆ ಓದಲಿಲ್ಲವಲ್ಲ.

ರೇಖಾ_ಎಸ್
ಭಾಸ್ಕರ ತಪ್ಪು ಓದಿದ ಅಂತಲೂ ಹೇಳಬಹುದು. ಯುಕ್ತಿಭಾಷೆಯಲ್ಲಿ ಜ್ಯೇಷ್ಠದೇವ ವೃತ್ತ ಎಳೆದೇ ಸಾಧಿಸಿ ತೋರಿಸಿದ್ದಾನೆ. ಸರಿ, ಇದು ಇಲ್ಲಿ ಮುಗಿಯೋ ಮಾತಲ್ಲ.

ಎಕ್ಸೆಲ್_ಪ್ರಿಯ
ಒಂದು ಸಣ್ಣ ಸಂಶಯ. ಬಾಹುಗಳ ಕ್ರಮ ಬದಲಿಸಿ ಹಾಕಿದರೂ ಸೂತ್ರಕ್ಕೆ ಒಂದೇ ಉತ್ತರ. 25ರ ಪಕ್ಕ 60, 39ರ ಪಕ್ಕ 52 ಇಟ್ಟರೆ ಆಕಾರವೇ ಬೇರೆ ಅಲ್ಲವಾ? ವಿಸ್ತೀರ್ಣ ಹೇಗೆ ಒಂದೇ?

ರೇಖಾ_ಎಸ್
ಆಕಾರ ಬೇರೆ, ವೃತ್ತ ಒಂದೇ. ವೃತ್ತದ ಕೇಂದ್ರದಿಂದ ಮೂಲೆಗಳಿಗೆ ಗೆರೆ ಎಳೆದರೆ ನಾಲ್ಕು ಸಮದ್ವಿಬಾಹು ತ್ರಿಕೋನ. ಅವನ್ನು ಹೋಳು ಹೋಳಾಗಿ ಕತ್ತರಿಸಿ ಬೇರೆ ಕ್ರಮದಲ್ಲಿ ಜೋಡಿಸಿದರೂ ಸುತ್ತು ಪೂರ್ತಿಯಾಗುತ್ತದೆ, ಒಟ್ಟು ವಿಸ್ತೀರ್ಣ ಬದಲಾಗಲ್ಲ.

ನೀವು ಹೇಳಿದ ಕ್ರಮ ಚೆಂದದ್ದು. 25 ಮತ್ತು 60 ಪಕ್ಕಪಕ್ಕ, 39 ಮತ್ತು 52 ಪಕ್ಕಪಕ್ಕ ಬಂದರೆ ನಡುವಿನ ಕರ್ಣ 65, ಅದೇ ವ್ಯಾಸ. ಎರಡೂ ಲಂಬಕೋನ ತ್ರಿಕೋನ: 750 + 1014 = 1764. ಮೂಲ ಕ್ರಮದಲ್ಲಿ 56ರ ಕರ್ಣದಿಂದ ತೆಗೆದರೆ 420 + 1344 = 1764.

ಆದರೆ ಜಾಗ ಚಕ್ರೀಯ ಅಲ್ಲದಿದ್ದರೆ ಕ್ರಮ ಗಲಿಬಿಲಿ ಮಾಡಬೇಡಿ. ಕರ್ಣದ ಯಾವ ಕಡೆ ಯಾವ ಎರಡು ಬಾಹು ಇವೆ ಅನ್ನೋದರ ಮೇಲೇ ಇಡೀ ಲೆಕ್ಕ ನಿಂತಿರುತ್ತದೆ.

ಅಳತೆಪಟ್ಟಿ
ಕೊನೆಯ ಸುದ್ದಿ. ಪೊದೆ ಸ್ವಲ್ಪ ಸರಿಸಿ AC ಉದ್ದಕ್ಕೆ ಹಗ್ಗ ಬಿಗಿದೆ. ಹಗ್ಗ ಅಳೆದರೆ 60.0 ಮೀಟರ್. 25, 39, 60ಕ್ಕೆ 324.8. 60, 52, 60ಕ್ಕೆ 1405.9. ಒಟ್ಟು 1730.8. ಮೂಲೆಯಿಂದ ಬಂದದ್ದು 1730.9. ಹತ್ತನೇ ಒಂದು ಚದರ ಮೀಟರ್ ವ್ಯತ್ಯಾಸ!

ಮೂಲೆಮಟ್ಟ
ಭೇಷ್. ಎರಡು ಬೇರೆ ಬೇರೆ ಅಳತೆ ಒಂದೇ ಕಡೆ ಬಂದು ನಿಂತಿದ್ದೇ ನಿಜವಾದ ತಾಳೆ. 60 × 57.7 = 3462, ಎದುರು ಬಾಹುಗಳ ಗುಣಲಬ್ಧದ ಮೊತ್ತ 3528. ಕರ್ಣಗಳ ಗುಣಲಬ್ಧ ಅದಕ್ಕಿಂತ ಕಡಿಮೆ ಇದೆ, ಹಾಗಾಗಿ ಚಕ್ರೀಯ ಅಲ್ಲ ಅನ್ನೋದೂ ಖಚಿತ. ಸಮ ಬಂದಿದ್ದರೆ ಚಕ್ರೀಯ, ಹೆಚ್ಚು ಬಂದಿದ್ದರೆ ಟೇಪ್ ಹಿಡಿದದ್ದೇ ತಪ್ಪು.

ಒಂದು ಎಚ್ಚರ: 25, 39, 60 ತ್ರಿಕೋನ ತುಂಬಾ ಚಪ್ಪಟೆ. 25 + 39 = 64, ಅದರ ಹತ್ತಿರವೇ 60. ಹಗ್ಗ 10 ಸೆಂಟಿಮೀಟರ್ ಹೆಚ್ಚು ತೋರಿಸಿದ್ದರೆ ಆ ತ್ರಿಕೋನ ಒಂದೇ 3.4 ಚದರ ಮೀಟರ್ ಕಳೆದುಕೊಳ್ಳುತ್ತಿತ್ತು. ಇನ್ನೊಂದು ಸ್ವಲ್ಪ ತುಂಬಿಕೊಟ್ಟರೂ ಒಟ್ಟಿಗೆ 2 ಚದರ ಮೀಟರ್ ಜಾರುತ್ತಿತ್ತು. ಇಂಥ ಕಡೆ ಎರಡು ಕರ್ಣದಲ್ಲಿ ದಪ್ಪ ತ್ರಿಕೋನ ಕೊಡುವುದನ್ನೇ ನಂಬಿ, ಇಲ್ಲಿ ಅದು BD.

ಗುಣಾಕಾರ
ಇಷ್ಟೆಲ್ಲ ಆದ ಮೇಲೂ 1764ಕ್ಕೂ 1731ಕ್ಕೂ ನೂರಕ್ಕೆ ಎರಡೇ ವ್ಯತ್ಯಾಸ ಅಂತ ನಾನು ಮತ್ತೆ ನೆನಪಿಸ್ತೀನಿ 🙂

ಎಕ್ಸೆಲ್_ಪ್ರಿಯ
ಐದು ಮೂಲೆ ಜಾಗಕ್ಕೆ ಹೀಗೇ s−a, s−b ಅಂತ ಐದು ಗುಣಿಸೋ ಸೂತ್ರ ಇದೆಯಾ?

ಕರ್ಣಧಾರ
ಇಲ್ಲ. ಬಾಹು ಎಷ್ಟೇ ಇರಲಿ, ವೃತ್ತದಲ್ಲಿ ಕೂತಾಗಲೇ ವಿಸ್ತೀರ್ಣ ಗರಿಷ್ಠ, ಅದು ಐದಕ್ಕೂ ನಿಜ. ಆದರೆ ಐದು ಬಾಹುಗಳಿಂದ ವಿಸ್ತೀರ್ಣಕ್ಕೆ ಹೋಗೋ ಸಮೀಕರಣ ಏಳನೇ ಘಾತದ್ದು, ರಾಬಿನ್ಸ್ 1994ರಲ್ಲಿ ತೋರಿಸಿದ್ದು. ವರ್ಗಮೂಲ ಒತ್ತಿ ಮುಗಿಸೋ ಹಾಗಿಲ್ಲ. ಐದು ಮೂಲೆ ಇದ್ದರೆ ಎರಡು ಕರ್ಣ ಅಳೆದು ಮೂರು ತ್ರಿಕೋನ ಮಾಡಿ.

ಎಕ್ಸೆಲ್_ಪ್ರಿಯ
ನನ್ನದರಲ್ಲಿ ಒಂದು ಮೂಲೆ ಒಳಗೆ ಚುಚ್ಚಿಕೊಂಡಿದೆ. ಆಗ?

ಮೂಲೆಮಟ್ಟ
ಮೂಲೆಗಳಿಗೆ ಹೆಸರಿಟ್ಟು, ಬಾಹುಗಳನ್ನು ಕ್ರಮವಾಗಿ ಬರೆದು ಬೇರೆ ಚರ್ಚೆ ಶುರು ಮಾಡಿ. ಒಳಗೆ ಚುಚ್ಚಿದ ಮೂಲೆ ಇದ್ದರೆ ಒಂದು ಕರ್ಣ ಜಾಗದ ಹೊರಗೆ ಬೀಳುತ್ತದೆ, ಅಲ್ಲಿ ಕೂಡಿಸೋ ಬದಲು ಕಳೆಯಬೇಕಾಗಬಹುದು.